ಬಣ್ಣ ಬಳಿದರೆ ಫೋಟೋ ನಿಮ್ಮದಾಗುವುದಿಲ್ಲ

ಕನ್ನಡ ಪುಸ್ತಕಗಳ ಹಕ್ಕುಪುಟವನ್ನು ಓದುವ ಅಭ್ಯಾಸ ಇರುವವರು ಕಡಿಮೆ. ನನಗೆ ಅದು ವೃತ್ತಿಯಿಂದ ಬಂದ ಚಟ. ಶೀರ್ಷಿಕೆ, ಲೇಖಕರು, ಮೊದಲ ಮುದ್ರಣದ ವರ್ಷ, ಪುಟಗಳು, ಬೆಲೆ, ಪ್ರತಿಗಳು, ಅಚ್ಚಾದ ಪ್ರೆಸ್ಸು, ಎಲ್ಲವೂ ಅಲ್ಲಿರುತ್ತವೆ. ಬಳಸಿದ ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ ಎಂಬುದೂ ಇರುತ್ತದೆ. 'ಮುಖಪುಟ ವಿನ್ಯಾಸ' ಎಂಬುದರ ಮುಂದೆ ನನ್ನಂಥವನ ಹೆಸರು ಇರುತ್ತದೆ. ಆದರೆ ಆ ಮುಖಪುಟದ ಮೇಲೆ ಕಾಣುವ ಮರ, ಮನೆ, ಮುದುಕಿಯ ಮುಖ ಯಾರ ಕ್ಯಾಮೆರಾದಿಂದ ಬಂತು ಎಂಬ ಸಾಲು ಬಹಳಷ್ಟು ಪುಸ್ತಕಗಳಲ್ಲಿ ಇರುವುದಿಲ್ಲ. ಕಾಗದದ ತೂಕವನ್ನು ಹೇಳಲು ಜಾಗ ಸಿಕ್ಕಿದವರಿಗೆ ಒಬ್ಬ ಮನುಷ್ಯನ ಹೆಸರು ಹೇಳಲು ಜಾಗ ಸಿಗಲಿಲ್ಲ.

ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: 'ಅದು ಫೋಟೋ ಅಲ್ಲ ಸ್ವಾಮಿ, ಚಿತ್ರ. ನಾವು ಅದನ್ನು ಪೂರ್ತಿ ಬದಲಿಸಿದ್ದೇವೆ.' ಈ ಉತ್ತರದ ವಿರುದ್ಧವೇ ನಾನು ಬರೆಯುತ್ತಿದ್ದೇನೆ. ಅದನ್ನು ಬಹಳ ವರ್ಷ ನಾನೇ ಕೊಟ್ಟಿದ್ದೇನೆ, ಆದ್ದರಿಂದ ಅದರ ಒಳಗು ನನಗೆ ಗೊತ್ತು.

ಒಂದು ಕಥಾಸಂಕಲನಕ್ಕೆ ಮುಖಪುಟ ಮಾಡಬೇಕಿತ್ತು. ಕಥೆಗಳು ಶರಾವತಿ ಹಿನ್ನೀರಿನವು. ಹೊಳೆಬಾಗಿಲಿನ ಲಾಂಚ್ ಮಂಜಿನಲ್ಲಿ ಕಳಸವಳ್ಳಿಯ ದಡದತ್ತ ಹೋಗುತ್ತಿರುವ ಫೋಟೋವೊಂದು ಫೇಸ್‌ಬುಕ್ಕಿನಲ್ಲಿ ಸಿಕ್ಕಿತು. ಇಳಿಸಿಕೊಂಡೆ. ಬಣ್ಣಗಳನ್ನು ಮೂರಕ್ಕೆ ಇಳಿಸಿದೆ, ಅಂಚುಗಳನ್ನು ಮರದ ಅಚ್ಚಿನ ಚಿತ್ರದ ಹಾಗೆ ಒರಟು ಮಾಡಿದೆ, ಬೂದು ಆಕಾಶಕ್ಕೆ ಕಿತ್ತಳೆ ಬಣ್ಣ ತುಂಬಿದೆ. ಲಾಂಚಿನ ಕಂಬಿ ಹಿಡಿದು ಒಬ್ಬ ಹೆಂಗಸು ನೀರು ನೋಡುತ್ತ ನಿಂತಿದ್ದಳು. ಶೀರ್ಷಿಕೆಯ ಕೊನೆಯ ಅಕ್ಷರ ಅವಳ ತಲೆಯ ಮೇಲೆ ಬರುತ್ತಿತ್ತು. ಅವಳನ್ನು ಅಳಿಸಿದೆ. ಐನೂರು ಪ್ರತಿ ಅಚ್ಚಾಯಿತು. ಮುಖಪುಟ ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ.

ನಾಲ್ಕು ತಿಂಗಳ ಮೇಲೆ ಒಂದು ಫೋನ್ ಬಂತು. ಸಾಗರದ ಕಡೆಯ ಮಾತು. 'ಸರ್, ನಿಮ್ಮ ಪುಸ್ತಕ ಅಂಗಡೀಲಿ ನೋಡಿದೆ. ಲಾಂಚ್ ಚೆನ್ನಾಗಿ ಬಂದಿದೆ. ನಮ್ಮ ಅತ್ತೆ ಎಲ್ಲಿ ಇಳಿದ್ರು?'

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ಹೆಂಗಸು ಅವರ ಸೋದರತ್ತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ಏರಿದಾಗ ಅವರ ಊರು ಮುಳುಗಿತ್ತು, ಆಗ ಅವರಿನ್ನೂ ಹುಡುಗಿ. ಲಾಂಚ್ ಹತ್ತಿದಾಗಲೆಲ್ಲ ಒಂದು ಜಾಗ ಬಂದ ಕೂಡಲೇ ಎದ್ದು ಕಂಬಿಯ ಹತ್ತಿರ ನಿಲ್ಲುತ್ತಿದ್ದರಂತೆ, ಕೆಳಗೆ ಮನೆ ಇದೆ ಎಂದು. ಆ ಗಳಿಗೆಗಾಗಿ ಅಳಿಯ ಮೂರು ಸಲ ಕ್ಯಾಮೆರಾ ಹಿಡಿದು ಅವರ ಜೊತೆ ಹೋಗಿದ್ದರು. ನಾನು ಮುಳುಗಡೆಯ ಕಥೆಗಳ ಪುಸ್ತಕಕ್ಕೆ ಮುಖಪುಟ ಮಾಡಲು ಹೋಗಿ ಮುಳುಗಡೆಯನ್ನು ಕಂಡವರನ್ನೇ ಅಳಿಸಿದ್ದೆ. ಒಂದು ಪತ್ರ ಬರೆದು ಕೇಳಿದ್ದರೆ ಇದು ಮೊದಲ ಉತ್ತರದಲ್ಲೇ ಗೊತ್ತಾಗುತ್ತಿತ್ತು.

ಆಗ ನಾನು ತೊದಲಿದ್ದೂ ಅದೇ ಮಾತು: 'ಅದನ್ನು ಬಹಳ ಬದಲಿಸಿದ್ದೇವೆ.' ಅವರು, 'ಹೌದು, ಅದಕ್ಕೇ ಫೋನ್ ಮಾಡಿದ್ದು' ಎಂದರು.

ಈಗ ಆ ಸಮರ್ಥನೆಯನ್ನು ಬಿಡಿಸಿ ನೋಡೋಣ. ನಾವು ಫೋಟೋವನ್ನು ಚಿತ್ರವಾಗಿಸುವುದು ಏಕೆ? ಕಲೆಗಾಗಿ ಎನ್ನುತ್ತೇವೆ. ಕೆಲವೊಮ್ಮೆ ನಿಜ. ಹೆಚ್ಚಿನ ಸಲ ಕಾರಣ ಪಿಕ್ಸೆಲ್. ಡೆಮಿ ಅಷ್ಟದಳದ ಮುಖಪುಟ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಅಚ್ಚಿನಲ್ಲಿ ಫೋಟೋ ಸ್ಪಷ್ಟವಾಗಿ ಬರಲು ಇಂಚಿಗೆ 300 ಪಿಕ್ಸೆಲ್ ಬೇಕು, ಅಂದರೆ ಎತ್ತರಕ್ಕೆ 2550. ನಾನು ಇಳಿಸಿಕೊಂಡ ಲಾಂಚಿನ ಫೋಟೋದ ಎತ್ತರ 720 ಪಿಕ್ಸೆಲ್. ಅದು ಎರಡೂವರೆ ಇಂಚನ್ನೂ ತುಂಬುವುದಿಲ್ಲ. ಹಿಗ್ಗಿಸಿದರೆ ಮಂಜು ಚೌಕಚೌಕವಾಗಿ ಒಡೆಯುತ್ತದೆ. ಮೂರು ಬಣ್ಣಕ್ಕೆ ಇಳಿಸಿ ಅಂಚು ಒರಟು ಮಾಡಿದರೆ ಆ ಒಡಕು ಶೈಲಿಯಾಗಿ ಕಾಣುತ್ತದೆ. ಕೇಳದೆ ತೆಗೆದುಕೊಂಡದ್ದರಿಂದ ಮೂಲ ಫೈಲು ಸಿಗಲಿಲ್ಲ, ಮೂಲ ಫೈಲು ಸಿಗದ್ದರಿಂದ ಬಣ್ಣ ಬಳಿದೆವು, ಬಣ್ಣ ಬಳಿದದ್ದರಿಂದ ಇನ್ನು ಕೇಳಬೇಕಿಲ್ಲ ಎಂದುಕೊಂಡೆವು. ನಮ್ಮ ಅನೇಕ 'ಕಲಾತ್ಮಕ' ಮುಖಪುಟಗಳ ಜಾತಕ ಇದು.

ಗುರುತು ಸಿಗದಷ್ಟು ಬದಲಿಸಿದ್ದೇವೆ ಎನ್ನುವವರಿಗೆ ನನ್ನದೊಂದೇ ಪ್ರಶ್ನೆ. ಗುರುತೇ ಸಿಗದಿದ್ದರೆ ಆ ಫೋಟೋ ನಿಮಗೆ ಬೇಕಾಗಿದ್ದಾದರೂ ಏಕೆ? ಲಾಂಚ್ ಯಾರಪ್ಪನ ಆಸ್ತಿಯೂ ಅಲ್ಲ. ನೀವೇ ಹೋಗಿ ಅದರ ಫೋಟೋ ತೆಗೆದರೆ, ಕೂತು ಚಿತ್ರ ಬರೆದರೆ ಯಾರನ್ನೂ ಕೇಳಬೇಕಿಲ್ಲ. ವಸ್ತುವಿನ ಮೇಲೆ ಯಾರಿಗೂ ಹಕ್ಕಿಲ್ಲ. ಆದರೆ ನಿಂತ ಜಾಗ, ಕಾದ ಗಳಿಗೆ, ಚೌಕಟ್ಟು, ಬೆಳಕು ಇವನ್ನು ಇನ್ನೊಬ್ಬರಿಂದ ಎತ್ತಿಕೊಂಡಿದ್ದರೆ ನೀವು ಎತ್ತಿಕೊಂಡದ್ದು ಅವರ ಕೃತಿಯನ್ನೇ. ಈಗಂತೂ ಹೋಗಿ ಅದೇ ಫೋಟೋ ತೆಗೆಯಲೂ ಆಗುವುದಿಲ್ಲ. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆಯಿತು.

ಇದು ನಮ್ಮೂರಿನ ಜಗಳ ಮಾತ್ರವಲ್ಲ. ಅಮೆರಿಕದ ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ಗಾಯಕ ಪ್ರಿನ್ಸ್‌ನ ಒಂದು ಕಪ್ಪುಬಿಳುಪು ಭಾವಚಿತ್ರ ತೆಗೆದಿದ್ದರು. 1984ರಲ್ಲಿ ವ್ಯಾನಿಟಿ ಫೇರ್ ಪತ್ರಿಕೆ ಅದನ್ನು ಆಧಾರವಾಗಿಟ್ಟುಕೊಂಡು ಚಿತ್ರ ಬರೆಸಲು ಅನುಮತಿ ಪಡೆಯಿತು. ಶರತ್ತುಗಳು ಸರಳ: 400 ಡಾಲರ್, ಒಂದೇ ಬಾರಿಯ ಬಳಕೆ, ಮೂಲ ಫೋಟೋ ಇವರದು ಎಂಬ ಉಲ್ಲೇಖ. ಚಿತ್ರ ಮಾಡಿದವರು ಆಂಡಿ ವಾರ್ಹೋಲ್. ಪತ್ರಿಕೆ ಗೋಲ್ಡ್‌ಸ್ಮಿತ್ ಹೆಸರನ್ನು ಹಾಕಿತು. ಅಲ್ಲಿಗೆ ಎಲ್ಲ ಸರಿಯಾಗಿತ್ತು. ಆದರೆ ವಾರ್ಹೋಲ್ ಅದೇ ಫೋಟೋದಿಂದ ಇನ್ನೂ ಹದಿನೈದು ಚಿತ್ರ ಮಾಡಿಟ್ಟಿದ್ದರು. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಅವುಗಳಲ್ಲೊಂದು, ಕಿತ್ತಳೆ ಬಣ್ಣದ್ದು, ಒಂದು ವಿಶೇಷ ಸಂಚಿಕೆಯ ಮುಖಪುಟಕ್ಕೆ ಬಂತು. ಕಲಾವಿದರ ಪ್ರತಿಷ್ಠಾನಕ್ಕೆ 10,000 ಡಾಲರ್ ಸಂದಿತು. ಗೋಲ್ಡ್‌ಸ್ಮಿತ್‌ಗೆ ಹಣವೂ ಇಲ್ಲ, ಹೆಸರೂ ಇಲ್ಲ.

ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2023ರ ಮೇ ತಿಂಗಳಲ್ಲಿ ಏಳು ನ್ಯಾಯಮೂರ್ತಿಗಳು ಗೋಲ್ಡ್‌ಸ್ಮಿತ್ ಪರವಾಗಿ, ಇಬ್ಬರು ವಿರುದ್ಧವಾಗಿ ನಿಂತರು. ಶೈಲಿ ಹೊಸದು ಎಂಬುದೊಂದೇ ಸಾಲದು, ಮೂಲ ಫೋಟೋ ಮಾಡಬಹುದಾಗಿದ್ದ ಕೆಲಸವನ್ನೇ, ಪತ್ರಿಕೆಗೆ ಭಾವಚಿತ್ರ ಒದಗಿಸುವ ಕೆಲಸವನ್ನೇ, ಆ ಚಿತ್ರವೂ ಮಾಡುತ್ತಿತ್ತು ಎಂಬುದು ತೀರ್ಪಿನ ತಿರುಳು. ಆ ತೀರ್ಪು ಬೆಂಗಳೂರಿನಲ್ಲಿ ಕಾನೂನಲ್ಲ, ಅದು ತೀರ್ಮಾನಿಸಿದ್ದೂ ಆ ಒಂದು ಬಳಕೆಯನ್ನು ಮಾತ್ರ. ನಾನು ಅದರಿಂದ ಕಲಿತ ಪಾಠ ಬೇರೆ. 1984ರಲ್ಲಿ ಒಂದು ಪತ್ರ ಇತ್ತು, ಯಾರಿಗೂ ಸಿಟ್ಟು ಬರಲಿಲ್ಲ. 2016ರಲ್ಲಿ ಪತ್ರ ಇರಲಿಲ್ಲ, ವರ್ಷಗಟ್ಟಲೆ ಕೋರ್ಟು ಅಲೆದರು. ವಾರ್ಹೋಲ್‌ಗೇ ಈ ರಿಯಾಯಿತಿ ಸಿಗಲಿಲ್ಲ ಎಂದಮೇಲೆ ಫಿಲ್ಟರ್ ಒತ್ತಿದ ನಾನು ಯಾವ ಲೆಕ್ಕ?

ನಮ್ಮ ಕಾನೂನು ಏನೆನ್ನುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆ ಫೋಟೋವನ್ನು ಕಲಾಕೃತಿ ಎಂದೇ ಎಣಿಸುತ್ತದೆ. ಅದರ ರೂಪಾಂತರ ಮಾಡುವ ಹಕ್ಕೂ ಹಕ್ಕುದಾರರದೇ, ಮೂಲವನ್ನು ಮಾರ್ಪಡಿಸಿ ಬಳಸುವುದೂ ರೂಪಾಂತರದಲ್ಲಿ ಸೇರುತ್ತದೆ. ನೋಂದಣಿ ಬೇಕಿಲ್ಲ, ಮೂಲೆಯಲ್ಲಿ ಹೆಸರು ಬರೆದಿರಬೇಕೆಂದಿಲ್ಲ, ಅಂತರಜಾಲದಲ್ಲಿ ಹಾಕಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು 57ನೇ ಕಲಂ. ಹಕ್ಕನ್ನು ಮಾರಿದ ಮೇಲೂ ಎರಡು ಸಂಗತಿ ಕೃತಿಕಾರರ ಬಳಿಯೇ ಉಳಿಯುತ್ತವೆ: ಇದು ನನ್ನ ಕೃತಿ ಎಂದು ಹೇಳುವ ಹಕ್ಕು, ತನ್ನ ಮಾನಕ್ಕೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕು. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಉಬ್ಬುಶಿಲ್ಪವನ್ನು ಸರ್ಕಾರ ಕಿತ್ತು ಗೋದಾಮಿಗೆ ಹಾಕಿತ್ತು. ಶಿಲ್ಪ ಸರ್ಕಾರದ್ದೇ. ಆದರೂ 2005ರಲ್ಲಿ ದೆಹಲಿ ಹೈಕೋರ್ಟ್ ಕಲಾವಿದರಿಗೆ ಅದರ ಅವಶೇಷಗಳನ್ನೂ ಐದು ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿಸಿತು. ದುಡ್ಡು ಕೊಟ್ಟು ಕೊಂಡವರಿಗೇ ಹಾಳುಗೆಡಹುವ ಅಧಿಕಾರ ಇಲ್ಲದಿದ್ದರೆ, ಕೇಳದೆ ಎತ್ತಿಕೊಂಡ ನನಗೆ ಒಬ್ಬರ ಸೋದರತ್ತೆಯನ್ನು ಅಳಿಸುವ ಅಧಿಕಾರ ಎಲ್ಲಿಂದ ಬರಬೇಕು?

ಸಂಕಲನದ ಎರಡನೆಯ ಮುದ್ರಣಕ್ಕೆ ಪ್ರಕಾಶಕರು ಸಿದ್ಧರಾದಾಗ ನಾನು ಆ ಛಾಯಾಗ್ರಾಹಕರಿಗೆ ಬರೆದ ಪತ್ರ ಇದು. ಮೊದಲೇ ಬರೆಯಬೇಕಿದ್ದ ಪತ್ರ. ಹೆಸರುಗಳನ್ನು ತೆಗೆದಿದ್ದೇನೆ.

ಮಾನ್ಯರೇ, ನಮಸ್ಕಾರ.

ಮೊದಲ ಮುದ್ರಣದಲ್ಲಿ ನಿಮ್ಮ ಫೋಟೋವನ್ನು ಕೇಳದೆ ಬಳಸಿದ್ದೂ ಅದರಲ್ಲಿದ್ದ ನಿಮ್ಮ ಅತ್ತೆಯವರನ್ನು ಅಳಿಸಿದ್ದೂ ನನ್ನ ತಪ್ಪು. ಅದಕ್ಕೆ ಸಲ್ಲಬೇಕಾದ ಸಂಭಾವನೆಯನ್ನು ಈ ಪತ್ರಕ್ಕೆ ನಿಮ್ಮ ಉತ್ತರ ಏನೇ ಇರಲಿ, ಪ್ರಕಾಶಕರು ಕೊಡುತ್ತಾರೆ. ಈಗ ಎರಡನೆಯ ಮುದ್ರಣಕ್ಕೆ ಅನುಮತಿ ಕೇಳುತ್ತಿದ್ದೇನೆ.

1. ಫೋಟೋ: ಹೊಳೆಬಾಗಿಲಿನ ಲಾಂಚಿನದು, ಪ್ರತಿ ಜೊತೆಗಿದೆ. ಇದನ್ನು ತೆಗೆದವರೂ ಇದರ ಹಕ್ಕುದಾರರೂ ನೀವೇ ಎಂದು ತಿಳಿದಿದ್ದೇನೆ. ಯಾವುದಾದರೂ ಸಂಸ್ಥೆಗಾಗಿ ತೆಗೆದದ್ದಾಗಿದ್ದರೆ ತಿಳಿಸಿ.

2. ಮಾಡುವ ಬದಲಾವಣೆ: ಫೋಟೋವನ್ನು ಮೂರು ಬಣ್ಣಗಳ, ಮರದ ಅಚ್ಚಿನ ಶೈಲಿಯ ಚಿತ್ರವಾಗಿಸುತ್ತೇವೆ. ಶೀರ್ಷಿಕೆಗಾಗಿ ಆಕಾಶದ ಭಾಗವನ್ನು ಮೇಲಕ್ಕೆ ಹೆಚ್ಚಿಸುತ್ತೇವೆ. ಯಾರನ್ನೂ ಅಳಿಸುವುದಿಲ್ಲ, ಏನನ್ನೂ ಸೇರಿಸುವುದಿಲ್ಲ, ಎಡಬಲ ತಿರುಗಿಸುವುದಿಲ್ಲ. ಕರಡು ಚಿತ್ರ ಜೊತೆಗಿದೆ.

3. ಬಳಕೆ: ಈ ಪುಸ್ತಕದ ಕನ್ನಡ ಎರಡನೆಯ ಮುದ್ರಣ, 500 ಪ್ರತಿ, ಅದರ ಇ-ಪುಸ್ತಕ, ಪ್ರಚಾರದಲ್ಲಿ ಮುಖಪುಟವನ್ನು ಇಡಿಯಾಗಿ ತೋರಿಸುವುದು. ಮರುಮುದ್ರಣ, ಅನುವಾದ, ಕ್ಯಾಲೆಂಡರ್, ಬುಕ್‌ಮಾರ್ಕ್, ಬೇರೆ ಪುಸ್ತಕ, ಯಾವುದಕ್ಕೇ ಆದರೂ ಮತ್ತೆ ಕೇಳುತ್ತೇವೆ.

4. ಅವಧಿ: ಐದು ವರ್ಷ, ಎಲ್ಲ ದೇಶಗಳಲ್ಲಿ. ಫೋಟೋದ ಹಕ್ಕು ನಿಮ್ಮದೇ. ಅದನ್ನು ಬೇರೆ ಯಾರಿಗೆ ಬೇಕಾದರೂ ನೀವು ಕೊಡಬಹುದು.

5. ಹೆಸರು: ಹಕ್ಕುಪುಟದಲ್ಲಿ ಮತ್ತು ಹಿಂಬದಿಯ ರಕ್ಷಾಪುಟದಲ್ಲಿ, ವಿನ್ಯಾಸಕನ ಹೆಸರಿನ ಅಳತೆಯಲ್ಲೇ, ಅದಕ್ಕಿಂತ ಮೊದಲು: 'ಮೂಲ ಛಾಯಾಚಿತ್ರ: (ನಿಮ್ಮ ಹೆಸರು, ನೀವು ಬರೆಯುವ ರೀತಿಯಲ್ಲಿ). ಛಾಯಾಗ್ರಾಹಕರ ಅನುಮತಿಯಿಂದ ಚಿತ್ರರೂಪಕ್ಕೆ ತಂದವರು: (ವಿನ್ಯಾಸಕ).' ಇ-ಪುಸ್ತಕದಲ್ಲೂ ಇದೇ ಸಾಲು.

6. ಸಂಭಾವನೆ: 2,000 ರೂಪಾಯಿ ಮತ್ತು ಪುಸ್ತಕದ ಐದು ಪ್ರತಿ. ಮೊತ್ತ ಅಚ್ಚಿಗೆ ಹೋಗುವ ಮೊದಲೇ ನಿಮಗೆ ಸೇರುತ್ತದೆ.

7. ಅಂತಿಮ ಒಪ್ಪಿಗೆ: ಕೊನೆಯ ಪ್ರೂಫನ್ನು ನಿಮಗೆ ಕಳಿಸುತ್ತೇವೆ. ನೀವು ಒಪ್ಪಿದ ಮೇಲೆಯೇ ಅಚ್ಚಿಗೆ. ನೀವು ಬೇಡವೆಂದರೆ ಫೋಟೋವನ್ನೂ ಕರಡನ್ನೂ ಬಿಟ್ಟುಬಿಡುತ್ತೇವೆ.

8. ಫೋಟೋದಲ್ಲಿರುವವರು: ಮುಖಪುಟದ ಮೇಲೆ ಬರುವುದು ನಿಮ್ಮ ಅತ್ತೆಯವರಿಗೆ ಒಪ್ಪಿಗೆಯೇ ಎಂದು ಅವರನ್ನೇ ಕೇಳಿ ತಿಳಿಸಿ.

ಉತ್ತರವನ್ನು ಬರಹದಲ್ಲೇ ಕಳಿಸಿ. ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿಯುವುದಿಲ್ಲ.

ವಂದನೆಗಳೊಂದಿಗೆ.

ಈ ಪತ್ರ ತೋರಿಸಿದಾಗ ಪ್ರಕಾಶಕ ಗೆಳೆಯರೊಬ್ಬರು ನಕ್ಕರು. 'ಇದೇನು ಸೈಟು ಖರೀದಿಯ ಕರಾರೇ? ಒಂದು ಮೆಸೇಜು ಸಾಕಪ್ಪ: ನಿಮ್ಮ ಫೋಟೋ ಬಳಸ್ಕೋತೀವಿ, ಹೆಸರು ಹಾಕ್ತೀವಿ.' ಹೆಚ್ಚಿನವರು ಕೇಳಿದರೂ ಕೇಳುವುದು ಹೀಗೆಯೇ, ಜಗಳಗಳು ಹುಟ್ಟುವುದೂ ಇದರಿಂದಲೇ. 'ಬಳಸ್ಕೋತೀವಿ' ಎಂದರೆ ಛಾಯಾಗ್ರಾಹಕರ ಮನಸ್ಸಿಗೆ ಬರುವುದು ತನ್ನ ಫೋಟೋ ಇದ್ದ ಹಾಗೆಯೇ ಬರುತ್ತದೆ ಎಂದು. ನಮ್ಮ ಮನಸ್ಸಿನಲ್ಲಿರುವುದು ಮೂರು ಬಣ್ಣ. ಅವರು 'ಆಗಲಿ' ಎನ್ನುತ್ತಾರೆ, ಪುಸ್ತಕ ಕೈಗೆ ಬಂದಾಗ ಬೆಚ್ಚಿಬೀಳುತ್ತಾರೆ. ಬಳಕೆಗೆ ಕೊಟ್ಟ ಒಪ್ಪಿಗೆಯನ್ನು ಬದಲಾವಣೆಗೆ ಕೊಟ್ಟ ಒಪ್ಪಿಗೆ ಎಂದು ತಿಳಿಯಬಾರದು. ಪತ್ರದ ಎರಡನೆಯ ಕಲಮಿನ ಜೊತೆ ಕರಡು ಚಿತ್ರವನ್ನೇ ಕಳಿಸಬೇಕಾದದ್ದು ಇದಕ್ಕೆ. 'ಸ್ವಲ್ಪ ಕಲಾತ್ಮಕವಾಗಿ ಮಾಡುತ್ತೇವೆ' ಎಂಬ ಮಾತಿಗೆ ಏನೂ ಅರ್ಥವಿಲ್ಲ.

ಬರಹದಲ್ಲಿರಬೇಕು ಎಂಬುದು ನನ್ನ ಹಟವಲ್ಲ, ಕಾಯ್ದೆ ಹೇಳುವುದೂ ಅದನ್ನೇ. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಅದು ತಿಳಿಯುತ್ತದೆ. ಇ-ಪುಸ್ತಕವನ್ನು ಅಮೆರಿಕದ ಕನ್ನಡಿಗರಿಗೆ ಮಾರುವ ಪ್ರಕಾಶಕರು ಆ ಒಂದು ಸಾಲನ್ನು ಬರೆಯದೆ ಬಿಟ್ಟರೆ ನಷ್ಟ ಪ್ರಕಾಶಕರಿಗೇ.

ಇನ್ನು ಐದು ಮತ್ತು ಆರನೆಯ ಕಲಮುಗಳು. ಇವನ್ನು ಬೇಕೆಂದೇ ಬೇರೆಬೇರೆ ಇಟ್ಟೆ. ನಮ್ಮಲ್ಲಿ ಹೆಸರನ್ನು ಸಂಭಾವನೆಯ ಬದಲಿಗೆ ಕೊಡುವ ಒಂದು ಕೆಟ್ಟ ರೂಢಿ ಇದೆ: 'ದುಡ್ಡು ಕೊಡಲು ಆಗುವುದಿಲ್ಲ, ಆದರೆ ಹೆಸರು ಹಾಕುತ್ತೇವೆ.' ಏನೋ ದಾನ ಮಾಡಿದ ಹಾಗೆ! ಹೆಸರು ಹೇಗಿದ್ದರೂ ಅವರದ್ದೇ. ಅದನ್ನು ಹಾಕುವುದು ನಮ್ಮ ಕರ್ತವ್ಯ, ಅದನ್ನು ತೋರಿಸಿ ಬೆಲೆ ಇಳಿಸುವ ಹಾಗಿಲ್ಲ. ಸಣ್ಣ ಪ್ರಕಾಶಕರ ಬಳಿ ಹಣ ಇಲ್ಲ ಎಂಬುದು ನನಗೂ ಗೊತ್ತು, ಐನೂರು ಪ್ರತಿ ಕರಗಲು ಮೂರು ವರ್ಷ ಕಾಯುವವರನ್ನು ಕಂಡಿದ್ದೇನೆ. ಹಣ ಇಲ್ಲದಿದ್ದರೆ ಆರನೆಯ ಕಲಮಿನಲ್ಲಿ 'ಸಂಭಾವನೆ ಕೊಡಲು ಆಗುವುದಿಲ್ಲ, ಪ್ರತಿಗಳನ್ನಷ್ಟೇ ಕೊಡಬಲ್ಲೆವು' ಎಂದು ಪ್ರಾಮಾಣಿಕವಾಗಿ ಬರೆಯಿರಿ. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ನಮ್ಮ ಬಡತನವನ್ನು ಇನ್ನೊಬ್ಬರನ್ನು ಕೇಳದೆ ಅವರ ತಲೆಗೆ ಕಟ್ಟುವ ಹಾಗಿಲ್ಲ.

ಹೆಸರು ಎಲ್ಲಿ, ಯಾವ ಮಾತಿನಲ್ಲಿ ಎಂಬುದೂ ಮುಖ್ಯ. 'ಚಿತ್ರಕೃಪೆ: ಅಂತರಜಾಲ' ಎಂಬ ಸಾಲನ್ನು ನೀವೂ ನೋಡಿರುತ್ತೀರಿ. ಅಂತರಜಾಲ ಯಾವ ಫೋಟೋವನ್ನೂ ತೆಗೆದಿಲ್ಲ. 'ಕಳ್ಳತನ ಎಲ್ಲಿ ನಡೆಯಿತು' ಎಂದು ವಿಳಾಸ ಕೊಟ್ಟ ಹಾಗೆ ಅದು. ಬರೀ 'ಛಾಯಾಚಿತ್ರ: ಇಂಥವರು' ಎಂದರೂ ಸಾಲದು. ಕಿತ್ತಳೆ ಆಕಾಶವನ್ನು ಅವರೇ ಮಾಡಿದರು ಎಂದು ಓದುಗರು ತಿಳಿಯುತ್ತಾರೆ. ಮೂಲ ಯಾರದು, ಬದಲಾವಣೆ ಯಾರದು ಎಂದು ಎರಡನ್ನೂ ಹೇಳಬೇಕು. ಹೊಗಳಿಕೆಯಂತೆ ಬೈಗುಳವೂ ಸರಿಯಾದ ವಿಳಾಸಕ್ಕೆ ಹೋಗಲಿ.

ಹತ್ತು ದಿನದ ಮೇಲೆ ಉತ್ತರ ಬಂತು. ಅವರು ಎರಡು ಕಡೆ ತಿದ್ದಿದ್ದರು. ಐದನೆಯ ಕಲಮಿನಲ್ಲಿ ತಮ್ಮ ಹೆಸರಿನ ಮುಂದೆ, ಈಗ ಭೂಪಟದಲ್ಲಿಲ್ಲದ, ಅತ್ತೆಯ ಊರಿನ ಹೆಸರನ್ನು ಸೇರಿಸಿದ್ದರು. ಎರಡನೆಯದರಲ್ಲಿ ಕಿತ್ತಳೆ ಬಣ್ಣಕ್ಕೆ ಗೀಟು ಎಳೆದು ಪಕ್ಕದಲ್ಲಿ ಬರೆದಿದ್ದರು: 'ಆ ದಿನ ಬಿಸಿಲೇ ಬರಲಿಲ್ಲ.' ಎಂಟನೆಯದಕ್ಕೆ ಅತ್ತೆಯ ಉತ್ತರವನ್ನು ಅವರದೇ ಮಾತಲ್ಲಿ ಕಳಿಸಿದ್ದರು. ಫೋಟೋ ಹಾಕಲಿ, ಆದರೆ ಪುಸ್ತಕವನ್ನು ತನಗೆ ಯಾರಾದರೂ ಓದಿ ಹೇಳಬೇಕು ಎಂದಿದ್ದರು. ಜೊತೆಗೆ ಮೂಲ ಫೈಲು ಬಂದಿತ್ತು, ಎತ್ತರ 4000 ಪಿಕ್ಸೆಲ್. ಅದನ್ನು ತೆರೆದು ನೋಡಿದೆ. ಕಂಬಿಯ ಮೇಲಿನ ಅವರ ಬೆರಳುಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು.

ಬಣ್ಣ ಬಳಿಯುವ ಅಗತ್ಯವೇ ಇರಲಿಲ್ಲ. ಶೀರ್ಷಿಕೆಯನ್ನು ಸಣ್ಣದು ಮಾಡಿದೆ.